ಅಸೈನ್‌ಮೆಂಟಿನಲ್ಲಿ ಎಐ: ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕಾಲೇಜುಗಳಲ್ಲಿ ಈ ಸಲ ಪದವಿಯ ಮೊದಲ ಸೆಮಿಸ್ಟರಿಗೆ ಸೇರಿರುವ ವಿದ್ಯಾರ್ಥಿಗಳ ಜೊತೆ ಇವತ್ತು ಒಂದು ವಿಷಯ ಮಾತಾಡಬೇಕು. ಇನ್ನು ಕೆಲವೇ ವಾರಗಳಲ್ಲಿ ನಿಮ್ಮ ಕೈಗೆ ಮೊದಲ ಅಸೈನ್‌ಮೆಂಟ್ ಬರುತ್ತದೆ. ನಿಮ್ಮ ಮೊಬೈಲಿನಲ್ಲಿ ಚಾಟ್‌ಜಿಪಿಟಿಯೋ ಜೆಮಿನಿಯೋ ಆಗಲೇ ಇದೆ. ಅದನ್ನು ಮುಟ್ಟಲೇಬೇಡಿ ಎಂದು ಹೇಳಲು ನಾನು ಬಂದಿಲ್ಲ. ಯಾವ ಕೆಲಸಕ್ಕೆ ಮುಟ್ಟಬಹುದು, ಮುಟ್ಟಿದ ಮೇಲೆ ಏನು ಮಾಡಬೇಕು ಎಂಬುದನ್ನು ಒಂದೇ ಒಂದು ಅಸೈನ್‌ಮೆಂಟನ್ನು ಎದುರಿಗಿಟ್ಟುಕೊಂಡು ನೋಡೋಣ.

ಇತಿಹಾಸದ ಮೇಷ್ಟ್ರು ಹೀಗೊಂದು ಕೆಲಸ ಕೊಟ್ಟಿದ್ದಾರೆ ಅಂದುಕೊಳ್ಳಿ: "ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆ ಐದು ಪುಟ ಬರೆಯಿರಿ. ಕನಿಷ್ಠ ಮೂರು ಆಕರಗಳನ್ನು ಕೊಡಿ." ಬ್ರಹ್ಮಗಿರಿ ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ, ನಿಮ್ಮಲ್ಲಿ ಕೆಲವರು ಆ ಬಂಡೆಯನ್ನು ನೋಡಿಯೂ ಇರುತ್ತೀರಿ.

ಮೊದಲು ಕೇಳಿಕೊಳ್ಳಬೇಕಾದ್ದು, ಈ ಅಸೈನ್‌ಮೆಂಟ್ ನಿಮ್ಮಲ್ಲಿ ಏನನ್ನು ಅಳೆಯುತ್ತಿದೆ ಎಂದು. ಇಲ್ಲಿ ಮೇಷ್ಟ್ರು ನೋಡುತ್ತಿರುವುದು ಎರಡು ವಿಷಯ. ಆಕರ ಹುಡುಕಿ ಓದಲು ನಿಮಗೆ ಬರುತ್ತದೆಯೇ, ಓದಿದ್ದನ್ನು ಜೋಡಿಸಿ ನಿಮ್ಮ ಮಾತಿನಲ್ಲಿ ಹೇಳಲು ಬರುತ್ತದೆಯೇ. ಈ ಎರಡನ್ನು ಯಂತ್ರಕ್ಕೆ ಒಪ್ಪಿಸಿದರೆ ಅಂಕ ಕೊಡಲು ನಿಮ್ಮದು ಅಂತ ಏನೂ ಉಳಿಯುವುದಿಲ್ಲ. ಅದರ ಸುತ್ತಮುತ್ತಲ ಕೆಲಸಗಳಿಗೆ ಮೇಷ್ಟ್ರು ಒಪ್ಪಿದರೆ ಎಐ ಬಳಸಬಹುದು: ಅರ್ಥವಾಗದ ಪದವನ್ನು ಬಿಡಿಸಿ ಹೇಳಿಸಿಕೊಳ್ಳುವುದು, ಬರೆದ ಮೇಲೆ ಎಲ್ಲಿ ಗೊಂದಲವಿದೆ ಎಂದು ಕೇಳುವುದು, ಕಾಗುಣಿತ ನೋಡಿಸುವುದು. ಅದೇ ಇಂಗ್ಲಿಷ್ ಭಾಷಾ ಪತ್ರಿಕೆಯ ಪ್ರಬಂಧವಾದರೆ ವ್ಯಾಕರಣವನ್ನೇ ಅಳೆಯುತ್ತಿರುತ್ತಾರೆ, ಅಲ್ಲಿ ವಾಕ್ಯ ತಿದ್ದಿಸುವುದೂ ತಪ್ಪಾಗಬಹುದು. ಒಂದು ವಿಷಯದಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ಸರಿಯಲ್ಲ. ಹಾಗಾಗಿ "ನಮ್ಮ ಕಾಲೇಜಲ್ಲಿ ಎಐ ಬಿಡ್ತಾರಾ?" ಎಂದು ಸೀನಿಯರ್‌ಗಳನ್ನು ಕೇಳಿ ಪ್ರಯೋಜನವಿಲ್ಲ. ಆ ವಿಷಯದ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೆಲಸ ಕೊಟ್ಟ ದಿನವೇ ಕೇಳಿ: "ಸರ್, ಇದಕ್ಕೆ ಎಐ ಬಳಸಬಹುದಾ? ಯಾವ ಭಾಗಕ್ಕೆ?" ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬೇಡ ಅಂದರೆ ಬೇಡ.

ಮೇಷ್ಟ್ರು ವಿಷಯದ ಪರಿಚಯಕ್ಕೆ, ಭಾಷೆ ತಿದ್ದಲು ಬಳಸಬಹುದು ಅಂದರು ಎಂದಿಟ್ಟುಕೊಳ್ಳೋಣ. ನೀವು ಎಐಗೆ ಬ್ರಹ್ಮಗಿರಿ ಶಾಸನದ ಬಗ್ಗೆ ಕೇಳುತ್ತೀರಿ. ಕ್ಷಣದಲ್ಲಿ ನಾಲ್ಕು ಪ್ಯಾರಾ ಬರುತ್ತದೆ, ಎಲ್ಲೂ ತಡವರಿಸದ ಭಾಷೆಯಲ್ಲಿ. ಅದರಲ್ಲಿ ಇಂಥ ಒಂದು ವಾಕ್ಯ ಇರಬಹುದು: "ಈ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕೆತ್ತಲ್ಪಟ್ಟಿದೆ." ಓದಲು ಸರಿಯಾಗಿಯೇ ಇದೆ, ಆದರೆ ತಪ್ಪು. ಬ್ರಹ್ಮಗಿರಿಯ ಶಾಸನದಲ್ಲಿ ರಾಜನನ್ನು ಕರೆದಿರುವುದು "ದೇವಾನಾಂಪಿಯ" ಎಂದು, ಅಂದರೆ ದೇವರಿಗೆ ಪ್ರಿಯನಾದವನು ಎಂದು. ಅಶೋಕ ಎಂಬ ಹೆಸರು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಸಿಕ್ಕಿತು. ಕರ್ನಾಟಕದ ಅಶೋಕನ ಶಾಸನಗಳ ಬಗ್ಗೆ ಬರೆದದ್ದರಲ್ಲೆಲ್ಲ ಈ ಊರುಗಳ ಹೆಸರು ಒಟ್ಟೊಟ್ಟಿಗೆ ಬರುತ್ತವೆ. ಹಾಗಾಗಿ ಯಂತ್ರ ಒಂದರ ವಿವರವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತದೆ. ಅದು ಪುಸ್ತಕ ತೆರೆದು ನೋಡಿ ಉತ್ತರ ಹೇಳುತ್ತಿಲ್ಲ. ಓದಿಸಿದ ಅಪಾರ ಬರಹದ ಆಧಾರದ ಮೇಲೆ ಮುಂದಿನ ಪದ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ಸರಿ ಇದ್ದಾಗಲೂ ತಪ್ಪಿದಾಗಲೂ ಅದರ ಧಾಟಿ ಒಂದೇ ಆಗಿರುತ್ತದೆ, ಆದ್ದರಿಂದ ಧಾಟಿ ನೋಡಿ ತಪ್ಪು ಹಿಡಿಯಲು ಆಗುವುದಿಲ್ಲ.

ಇನ್ನು ಆಕರಗಳ ಮಾತು. ವಿದ್ಯಾರ್ಥಿಗಳು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಮೂರು ಆಕರ ಕೊಡು" ಅಂದರೆ ಯಂತ್ರ ಮೂರು ಕೊಡುತ್ತದೆ. ಲೇಖಕರ ಹೆಸರು, ಪುಸ್ತಕದ ಹೆಸರು, ವರ್ಷ, ಪುಟ ಎಲ್ಲ ಇರುತ್ತದೆ. ಉದಾಹರಣೆಗೆ, ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಶಾಸನಗಳ ಪಠ್ಯವನ್ನೇ ಓದಿ ಒಂದು ಪುಸ್ತಕ ಬರೆದರು ಎಂಬಂತೆ ಒಂದು ಆಕರ ಬರಬಹುದು. ವೀಲರ್ ನಿಜವಾಗಿ ಇದ್ದ ಪುರಾತತ್ವಜ್ಞ, ಬ್ರಹ್ಮಗಿರಿಗೆ ಬಂದದ್ದೂ ನಿಜ. ಆದರೆ 1947ರಲ್ಲಿ ಅವರು ಅಲ್ಲಿ ಮಾಡಿದ್ದು ಉತ್ಖನನ. ಅದರ ವರದಿ "ಏನ್ಷಿಯಂಟ್ ಇಂಡಿಯಾ" ಪತ್ರಿಕೆಯ ನಾಲ್ಕನೇ ಸಂಚಿಕೆಯಲ್ಲಿ ಬಂತು. ಅದರಲ್ಲಿರುವುದು ಮಣ್ಣಿನ ಪದರಗಳು, ಮಡಕೆಗಳು, ಬೃಹತ್ ಶಿಲಾ ಸಮಾಧಿಗಳ ವಿಷಯ. ಶಾಸನವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ನಮ್ಮ ಜಿಲ್ಲೆಯ ಶಾಸನಗಳು "ಎಪಿಗ್ರಾಫಿಯಾ ಕರ್ನಾಟಿಕಾ"ದ ಹನ್ನೊಂದನೇ ಸಂಪುಟದಲ್ಲಿವೆ. ಸುಳ್ಳು ಆಕರಗಳು ಬಹುಪಾಲು ಹೀಗೇ ಇರುತ್ತವೆ: ಹೆಸರು ನಿಜ, ಊರು ನಿಜ, ಪುಸ್ತಕ ಮಾತ್ರ ಇಲ್ಲ.

ಪರೀಕ್ಷಿಸಲು ಮೂರು ಹಂತ ಸಾಕು. ಈ ಹೆಸರಿನ ಪುಸ್ತಕ ಇದೆಯೇ ಎಂದು ಗ್ರಂಥಾಲಯದ ಪಟ್ಟಿಯಲ್ಲಿ ನೋಡಿ, ಗ್ರಂಥಪಾಲಕರನ್ನು ಕೇಳಿ. ಹಳೆಯ ಎಪಿಗ್ರಾಫಿಯಾ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪುಸ್ತಕ ಇದ್ದರೆ ಹೇಳಿದ ಪುಟ ತೆರೆಯಿರಿ. ಆ ಪುಟದಲ್ಲಿ ನೀವು ಬರೆದ ಮಾತು ಇದೆಯೇ ಎಂದು ನೋಡಿ. ಈ ಮೂರನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಈಗಿನ ಎಐಗಳು ಅಂತರ್ಜಾಲ ಹುಡುಕಿ ನಿಜವಾದ ಕೊಂಡಿಗಳನ್ನೇ ಕೊಡುವುದುಂಟು. ಆದರೆ ಕೆಲವು ಸಲ ಕೊಂಡಿ ತೆರೆದರೆ ಅಲ್ಲಿ ಆ ಮಾತೇ ಇರುವುದಿಲ್ಲ. ನೀವೇ ಕಣ್ಣಿಟ್ಟು ಓದದ ಆಕರವನ್ನು ಪಟ್ಟಿಯಲ್ಲಿ ಸೇರಿಸಬೇಡಿ. 2023ರಲ್ಲಿ ನ್ಯೂಯಾರ್ಕಿನ ಒಂದು ನ್ಯಾಯಾಲಯದಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಓದಿ ಅನುಭವವಿದ್ದ ವಕೀಲರೇ ತೆರೆದು ನೋಡದೆ ಹೋದರು.

ಆಕರ ಹುಡುಕುತ್ತಾ ಹೋದರೆ ಎಐ ಕೊಡದ ವಿವರಗಳೂ ಸಿಗುತ್ತವೆ. ಆ ಶಾಸನ ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಆಜ್ಞೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ, ಕೊನೆಗೆ "ಲಿಪಿಕಾರ" ಎಂಬ ತನ್ನ ಕಸುಬಿನ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಲಿಪಿ ಬಲ್ಲವನು ಮೊಳಕಾಲ್ಮೂರಿಗೆ ಹೇಗೆ ಬಂದ? ಈ ಪ್ರಶ್ನೆ ನಿಮಗೆ ಹುಟ್ಟಿ, ಅದರ ಸುತ್ತ ನೀವು ಒಂದು ಪುಟ ಬರೆದರೆ ಆ ಪುಟ ನಿಮ್ಮದು. ಅಂಕ ಬರುವುದು ಅದಕ್ಕೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಮನಸ್ಸಿನಲ್ಲಿರುವುದನ್ನು ಕನ್ನಡದಲ್ಲಿ ಬರೆದು, ಎಐ ಕೈಲಿ ಇಂಗ್ಲಿಷ್ ಮಾಡಿಸಬಹುದಾ ಎಂದು ತುಂಬ ಜನ ಕೇಳುತ್ತೀರಿ. ಮೊದಲು, ಉತ್ತರವನ್ನು ಕನ್ನಡದಲ್ಲೇ ಕೊಡಬಹುದೇ ಎಂದು ಕೇಳಿ. ಎಷ್ಟೋ ವಿಷಯಗಳಲ್ಲಿ ಬಿಡುತ್ತಾರೆ. ಇಂಗ್ಲಿಷೇ ಬೇಕು ಅಂದರೆ, ಅನುವಾದಕ್ಕೆ ಎಐ ಬಳಸಲು ಒಪ್ಪಿಗೆ ಪಡೆದು ನಿಮ್ಮ ಕನ್ನಡ ಕರಡನ್ನೂ ಜೊತೆಗೆ ಲಗತ್ತಿಸಿ. ಯೋಚನೆ ನಿಮ್ಮದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಂಗ್ಲಿಷ್ ಪ್ರತಿಯ ಪ್ರತಿ ವಾಕ್ಯವನ್ನೂ ಓದಿ, ಅರ್ಥವಾಗದ ಪದವನ್ನು ತೆಗೆದುಹಾಕಿ. ನಿಮಗೆ ಅರ್ಥ ಗೊತ್ತಿಲ್ಲದ ಪದ ನಿಮ್ಮ ಹೆಸರಿನ ಕೆಳಗೆ ಇರಕೂಡದು.

ಕರಡು ಇಟ್ಟುಕೊಳ್ಳಿ ಎನ್ನಲು ಇನ್ನೊಂದು ಕಾರಣವಿದೆ. ಬರಹ ಎಐದೋ ಅಲ್ಲವೋ ಹೇಳುತ್ತೇವೆ ಎನ್ನುವ ಪತ್ತೆ ಸಾಧನಗಳನ್ನು ನಂಬಿ ತೀರ್ಪು ಕೊಡಲಾಗದು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅಂಥದ್ದೊಂದನ್ನು ಬಿಟ್ಟು, ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಸಾಧನಗಳಿಗೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಪ್ರಬಂಧಗಳನ್ನು ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಎಐ ಬರಹ ಎಂದವು. ಸರಳ ಪದ, ಸರಳ ವಾಕ್ಯದ ಇಂಗ್ಲಿಷ್ ಬರೆಯುವ ನಮ್ಮ ಮಕ್ಕಳಿಗೆ ಈ ಅನ್ಯಾಯ ಸುಲಭವಾಗಿ ತಟ್ಟುತ್ತದೆ. ಅಧ್ಯಾಪಕ ಮಿತ್ರರೂ ಇದನ್ನು ಗಮನಿಸಬೇಕೆಂದು ನನ್ನ ಕಳಕಳಿಯ ವಿನಂತಿ. ವಿದ್ಯಾರ್ಥಿಗಳೇ, ಕೈಬರಹದ ಟಿಪ್ಪಣಿ, ಗ್ರಂಥಾಲಯದ ಪುಟಗಳ ಫೋಟೊ, ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಅದರ ಹಿಂದಿನ ಆವೃತ್ತಿಗಳು, ಇವನ್ನೆಲ್ಲ ಅಂಕ ಬರುವವರೆಗೆ ಅಳಿಸಬೇಡಿ.

ಎಂಥ ಒಪ್ಪಿಗೆ ಇದ್ದರೂ ಖಂಡಿತ ಮಾಡಬಾರದ್ದು ಒಂದಿದೆ. ಚಳ್ಳಕೆರೆ ಕಡೆ ಹತ್ತು ಜನ ಶೇಂಗಾ ಬೆಳೆಗಾರರನ್ನು ಮಾತಾಡಿಸಿ ಬನ್ನಿ ಅಂದಾಗ, ಮನೆಯಲ್ಲಿ ಕೂತು ಹತ್ತು ರೈತರ ಉತ್ತರಗಳನ್ನು ಎಐ ಕೈಲಿ ಬರೆಸುವುದು. ಅದು ಇಲ್ಲದ ಜನರನ್ನು ಹುಟ್ಟಿಸಿ, ಇರುವ ರೈತರ ಬಾಯಿ ಮುಚ್ಚಿದಂತೆ. ಮೂವರನ್ನೇ ಮಾತಾಡಿಸಲು ಆಯಿತೇ, ಮೂವರು ಎಂದೇ ಬರೆಯಿರಿ.

ಕೊನೆಗೆ, ಬಳಸಿದ್ದನ್ನು ಹೇಳುವುದು ಹೇಗೆ. "ಎಐ ಸಹಾಯ ಪಡೆಯಲಾಗಿದೆ" ಎಂಬ ಒಂದು ಸಾಲು ಸಾಲದು, ಅದರಿಂದ ಮೇಷ್ಟ್ರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಬ್ರಹ್ಮಗಿರಿಯ ಅಸೈನ್‌ಮೆಂಟಿನ ಕೊನೆಯ ಪುಟದಲ್ಲಿ ಹೀಗೆ ಬರೆಯಬಹುದು:

"ಮೇಷ್ಟ್ರ ಒಪ್ಪಿಗೆ ಪಡೆದು ಈ ಕೆಲಸಕ್ಕೆ ಚಾಟ್‌ಜಿಪಿಟಿ ಬಳಸಿದ್ದೇನೆ. ಮೊದಲು ವಿಷಯದ ಪರಿಚಯಕ್ಕೆ ಎರಡು ಪ್ರಶ್ನೆ ಕೇಳಿದೆ. ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಅದು ಹೇಳಿದ್ದು ತಪ್ಪೆಂದು ಆಕರ ನೋಡಿ ತಿಳಿದು ಕೈಬಿಟ್ಟೆ. ಐದು ಪುಟಗಳನ್ನೂ ನಾನೇ ಬರೆದೆ. ಬರೆದ ಮೇಲೆ ಕಾಗುಣಿತ ನೋಡಿಸಿ, ಮೂರನೇ ಪುಟದ ಎರಡು ವಾಕ್ಯಗಳನ್ನು ಅದರ ಸಲಹೆಯಂತೆ ತಿದ್ದಿದೆ. ಪಟ್ಟಿಯಲ್ಲಿರುವ ಮೂರು ಆಕರಗಳ ಸಂಬಂಧಪಟ್ಟ ಪುಟಗಳನ್ನು ನಾನೇ ಓದಿದ್ದೇನೆ. ನನ್ನ ಪ್ರಶ್ನೆ ಮತ್ತು ಅದರ ಉತ್ತರಗಳ ಪ್ರತಿ ನನ್ನ ಬಳಿ ಇದೆ."

ಇಷ್ಟು ಬರೆಯಲು ಐದು ನಿಮಿಷ ಸಾಕು, ಆದರೆ ಹೀಗೆ ಬರೆಯಬೇಕೆಂದು ಮೊದಲೇ ಗೊತ್ತಿದ್ದರೆ ಮಾತ್ರ. ಆದ್ದರಿಂದ ಎಐ ತೆರೆದ ದಿನವೇ ದಿನಾಂಕ ಹಾಕಿ, ಕೇಳಿದ್ದನ್ನೂ ಬಂದದ್ದನ್ನೂ ಒಂದು ಕಡೆ ಉಳಿಸಿಡಿ. ಈಗಾಗಲೇ ಹೇಳದೆ ಬಳಸಿ ಕೊಟ್ಟುಬಿಟ್ಟಿದ್ದರೆ, ಅಂಕ ಹಾಕುವ ಮುಂಚೆ ಮೇಷ್ಟ್ರ ಬಳಿ ಹೋಗಿ ಯಾವ ಭಾಗಕ್ಕೆ ಬಳಸಿದಿರಿ ಎಂದು ಹೇಳಿ, ತಿರುಗಿ ಬರೆದು ಕೊಡಲು ಅವಕಾಶ ಕೇಳಿ. ನಮಸ್ಕಾರ.