ಮೊದಲು ಬಂದ ಷೇರು ಮೊದಲು ಹೊರಗೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಗೋದಾಮಿನಲ್ಲಿ ಮೆಕ್ಕೆಜೋಳದ ಎರಡು ಲಾಟು ಇದ್ದರೆ, ಯಾವುದನ್ನು ಮೊದಲು ಎತ್ತಬೇಕೆಂಬುದು ಮಾಲೀಕರ ಇಷ್ಟ. ಷೇರನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇಡುವ ಡಿಮ್ಯಾಟ್ ಖಾತೆಯಲ್ಲಿರುವ ಷೇರಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಷೇರಿಗೂ ಇನ್ನೊಂದಕ್ಕೂ ಗುರುತಿನ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಮೊದಲು ಖಾತೆಗೆ ಬಂದದ್ದೇ ಮೊದಲು ಮಾರಾಟವಾಯಿತು ಎಂದು ಆದಾಯ ತೆರಿಗೆ ಕಾನೂನು ಲೆಕ್ಕ ಹಿಡಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಕಾಗದ, ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ಒಂದು ಕಂಪನಿಯ 100 ಷೇರನ್ನು 2024ರ ಜನವರಿ 10ರಂದು ತಲಾ 200 ರೂಪಾಯಿಗೆ ಕೊಂಡಿರಿ. ಅದೇ ವರ್ಷ ಸೆಪ್ಟೆಂಬರ್ 5ರಂದು ಇನ್ನೂ 60 ಷೇರು, ತಲಾ 260ಕ್ಕೆ. 2025ರ ಜನವರಿ 20ರಂದು 120 ಷೇರನ್ನು 300ರಂತೆ ಮಾರಿದಿರಿ.

ಮೊದಲ 100 ಷೇರು ಹನ್ನೆರಡು ತಿಂಗಳು ದಾಟಿವೆ. ಅವುಗಳ ಲಾಭ 10,000 ರೂಪಾಯಿ, ಇದು ದೀರ್ಘಾವಧಿಯದು. ಮಿಕ್ಕ 20 ಷೇರು ಸೆಪ್ಟೆಂಬರಿನ ಲಾಟಿನವು, ನಾಲ್ಕೂವರೆ ತಿಂಗಳಿನವು. ಅವುಗಳ ಲಾಭ 800, ಇದು ಅಲ್ಪಾವಧಿಯದು. ಅಲ್ಪಾವಧಿಗೆ ಶೇಕಡಾ 20 ತೆರಿಗೆ. ದೀರ್ಘಾವಧಿಗೆ ವರ್ಷದ ಒಟ್ಟು ಲಾಭ ಒಂದೂಕಾಲು ಲಕ್ಷ ದಾಟಿದರೆ ಮಾತ್ರ, ದಾಟಿದ ಭಾಗಕ್ಕೆ ಶೇಕಡಾ 12.5.

ಹೆಚ್ಚಿನವರು ಎಡವುವುದು ಆ್ಯಪ್ ತೋರಿಸುವ ಸರಾಸರಿ ಬೆಲೆಯಲ್ಲಿ. 160 ಷೇರಿನ ಸರಾಸರಿ 222 ರೂಪಾಯಿ 50 ಪೈಸೆ. ಅದರಿಂದ ಲೆಕ್ಕ ಹಾಕಿದರೆ ಲಾಭ 9,300 ಬರುತ್ತದೆ, ಸರಿಯಾದದ್ದು 10,800. ಅಲ್ಪಾವಧಿಯ 800 ಅಂತೂ ಕಾಣುವುದೇ ಇಲ್ಲ.

ತಾರೀಖು, ದರ ಎರಡನ್ನೂ ಪ್ರತಿ ವಹಿವಾಟಿಗೆ ಬ್ರೋಕರ್ ಕಳಿಸುವ ಕಾಂಟ್ರ್ಯಾಕ್ಟ್ ನೋಟಿನಿಂದಲೇ ತೆಗೆದುಕೊಳ್ಳಿ. ಷೇರು ಡಿಮ್ಯಾಟಿಗೆ ಜಮಾ ಆಗುವುದು ವಹಿವಾಟಿನ ಮುಂದಿನ ಕೆಲಸದ ದಿನ. ಯಾವ ಲಾಟು ಮೊದಲು ಎಂಬುದನ್ನು ಜಮಾ ಆದ ಕ್ರಮ ಹೇಳುತ್ತದೆ, ಎಷ್ಟು ತಿಂಗಳು ಇಟ್ಟಿದ್ದಿರಿ ಎಂಬುದನ್ನು ನೋಟಿನ ತಾರೀಖು. ಮಾರಾಟದ ನೋಟಿನಲ್ಲಿ ದಲ್ಲಾಳಿ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿ 60 ರೂಪಾಯಿ ಇದ್ದರೆ, 100 ಷೇರಿಗೆ 50, 20 ಷೇರಿಗೆ 10 ಎಂದು ಹಂಚಿ ಲಾಭದಿಂದ ಕಳೆಯಿರಿ. ಅದೇ ನೋಟಿನಲ್ಲಿರುವ ಷೇರು ವಹಿವಾಟಿನ ತೆರಿಗೆ, ಅಂದರೆ ಎಸ್‌ಟಿಟಿಯನ್ನು ಮಾತ್ರ ಕಳೆಯುವಂತಿಲ್ಲ.

ಎರಡು ಡಿಮ್ಯಾಟ್ ಖಾತೆ ಇದ್ದವರು ಎರಡನ್ನೂ ಕಲಸಬೇಡಿ. ಮಾರಿದ ಖಾತೆಯೊಳಗಿನ ಸರದಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ಇನ್ನೊಂದರಲ್ಲಿ ಅದೇ ಕಂಪನಿಯ ಹಳೆಯ ಷೇರು ಇದ್ದರೂ ಅದನ್ನು ಮುಂದೆ ತರುವಂತಿಲ್ಲ.

ಮಾರಿದ ದಿನವೇ ಪುಸ್ತಕದಲ್ಲಿ ಉಳಿಕೆ ಬರೆದಿಡಿ: 40 ಷೇರು, 2024ರ ಸೆಪ್ಟೆಂಬರ್ 5, ದರ 260. ಈ ನಲವತ್ತು ದೀರ್ಘಾವಧಿಗೆ ಸೇರಬೇಕಾದರೆ ಹನ್ನೆರಡು ತಿಂಗಳು ಮೀರಿರಬೇಕು. 2025ರ ಸೆಪ್ಟೆಂಬರ್ 5 ಶುಕ್ರವಾರ, ಅಂದು ಮಾರುವುದು ಬೇಡ. ಶನಿವಾರ, ಭಾನುವಾರ ಪೇಟೆಗೆ ರಜೆ. ಹಾಗಾಗಿ ಸೋಮವಾರ, 8ನೇ ತಾರೀಖಿನವರೆಗೆ ಕಾಯಬೇಕು.