ಗಲ್ಲಾಪೆಟ್ಟಿಗೆ ಒಬ್ಬರ ಕೈಯಲ್ಲಿ, ಖಾತೆ ಪುಸ್ತಕ ಇನ್ನೊಬ್ಬರ ಕೈಯಲ್ಲಿ

ಕೇಳುಗರಿಗೆ ನಮಸ್ಕಾರ.

ಶಿರಸಿ ಸೀಮೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣಗಳನ್ನೂ ತೋಟದ ಗೊಬ್ಬರವನ್ನೂ ಅನೇಕ ರೈತರು ಅಂಗಡಿಯಿಂದ ಉದ್ರಿಯಾಗಿ ಒಯ್ದು, ಅಡಿಕೆ ಮಾರಿದ ಮೇಲೆ ಕಂತು ಕಂತಾಗಿ ತೀರಿಸುತ್ತಾರೆ. ತಿಂಗಳುಗಟ್ಟಲೆ ಬಾಕಿ ನಿಲ್ಲುವುದೇ ವಾಡಿಕೆಯಾಗಿರುವ ಇಂಥ ಅಂಗಡಿಯಲ್ಲಿ ಒಂದು ಬಗೆಯ ಮೋಸ ಬಹುಕಾಲ ಕಣ್ಣಿಗೆ ಬೀಳದೆ ನಡೆಯಬಲ್ಲದು. ಇಂದು ಅದೊಂದನ್ನೇ ನೋಡೋಣ.

ತಂದೆ, ಮಗ ಮತ್ತು ಒಬ್ಬ ಗುಮಾಸ್ತ ಇರುವ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಹಣ ಪಡೆಯುವುದು, ಖಾತೆಗೆ ಜಮಾ ಬರೆಯುವುದು, ಬ್ಯಾಂಕಿಗೆ ಕಟ್ಟುವುದು ಮೂರೂ ಗುಮಾಸ್ತನ ಕೆಲಸ. ಸೋಮವಾರ ಹುಲೇಕಲ್ ಕಡೆಯ ರೈತರೊಬ್ಬರು 12,000 ರೂಪಾಯಿ ನಗದು ಕೊಡುತ್ತಾರೆ. ಗುಮಾಸ್ತ ಅವರ ಕೈಪುಸ್ತಕಕ್ಕೆ ಸಹಿ ಹಾಕಿ, ಹಣವನ್ನು ಜೇಬಿಗಿಳಿಸುತ್ತಾನೆ. ಅಂಗಡಿಯ ಖಾತೆಯಲ್ಲಿ ಏನನ್ನೂ ಬರೆಯುವುದಿಲ್ಲ. ಶುಕ್ರವಾರ ಬನವಾಸಿ ಕಡೆಯವರು 15,000 ರೂಪಾಯಿ ಕೊಟ್ಟಾಗ, ಅದರಲ್ಲಿ 12,000ವನ್ನು ಹುಲೇಕಲ್‌ನವರ ಹೆಸರಿಗೂ ಉಳಿದ 3,000ವನ್ನು ಬನವಾಸಿಯವರ ಹೆಸರಿಗೂ ಜಮಾ ಮಾಡಿ, ಪೂರ್ತಿ 15,000ವನ್ನು ಬ್ಯಾಂಕಿಗೆ ಕಟ್ಟುತ್ತಾನೆ. ಬನವಾಸಿಯವರ ಖಾತೆಯಲ್ಲಿ ಬಿದ್ದ ಕೊರತೆಯನ್ನು ಮುಂದಿನ ವಾರ ಮೂರನೆಯವರ ಹಣ ಮುಚ್ಚುತ್ತದೆ.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ರೋಕಡ ಪುಸ್ತಕವನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಎದುರುಬದುರು ಇಟ್ಟು ನೋಡಿದರೆ ಒಂದು ಪೈಸೆಯ ವ್ಯತ್ಯಾಸವೂ ಸಿಗುವುದಿಲ್ಲ. ಮೊತ್ತ ಸರಿಯಾಗಿದೆ, ತಪ್ಪಿರುವುದು ಹೆಸರು ಮತ್ತು ತಾರೀಕು. ಆದ್ದರಿಂದ ‘ಬ್ಯಾಂಕ್ ಲೆಕ್ಕ ತಾಳೆಯಾಗಿದೆ’ ಎಂಬ ಸಮಾಧಾನ ಈ ಮೋಸದ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಕೆಲಸಗಳನ್ನು ಬೇರ್ಪಡಿಸಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಹಣ ಮುಟ್ಟುವವರು ಖಾತೆ ಬರೆಯಬಾರದು, ಖಾತೆ ಬರೆಯುವವರು ಹಣ ಮುಟ್ಟಬಾರದು. ಮೂವರೇ ಇರುವಲ್ಲಿಯೂ ಇದು ಸಾಧ್ಯ: ಗಲ್ಲೆಯಲ್ಲಿ ಮಗ ಕೂರಲಿ, ಖಾತೆಯನ್ನು ಗುಮಾಸ್ತ ಬರೆಯಲಿ, ತಾಳೆ ನೋಡುವ ಕೆಲಸ ತಂದೆಯದಾಗಲಿ. ರಸೀದಿ ಪುಸ್ತಕಗಳಿಗೆ ಮುದ್ರಿತ ಕ್ರಮಸಂಖ್ಯೆ ಇರಬೇಕು, ಬಳಸದ ಪುಸ್ತಕಗಳು ತಂದೆಯ ಕಪಾಟಿನಲ್ಲಿರಬೇಕು, ಮತ್ತು ಅಂಗಡಿಯ ರಸೀದಿ ಇಲ್ಲದೆ ಕೊಟ್ಟ ಹಣಕ್ಕೆ ಜಮಾ ಇಲ್ಲವೆಂದು ಗಿರಾಕಿಗಳಿಗೆ ತಿಳಿಯುವಂತೆ ಗಲ್ಲೆಯ ಎದುರೇ ಫಲಕ ಹಾಕಿರಬೇಕು. ಆ ದಿನದ ವಸೂಲಿಯನ್ನು ಅದರಿಂದ ಹಮಾಲಿ, ಚಹಾ ಖರ್ಚುಗಳನ್ನು ತೆಗೆಯದೆ ಮರುದಿನ ಇಡಿಯಾಗಿ ಬ್ಯಾಂಕಿಗೆ ಕಟ್ಟಬೇಕು. ಚಿಲ್ಲರೆ ಖರ್ಚಿಗೆ ಬೇರೆ ಡಬ್ಬಿ ಇರಲಿ. ಫೋನಿನಲ್ಲಿ ಹಣ ಕಳಿಸುವವರಿಗಾಗಿ ಅಂಟಿಸಿದ ಕ್ಯೂಆರ್ ಚೀಟಿ ಅಂಗಡಿಯ ಖಾತೆಯದೇ ಹೌದೋ ಅಲ್ಲವೋ ಎಂಬುದನ್ನು ಆಗಾಗ ಒಂದು ರೂಪಾಯಿ ಕಳಿಸಿ ನೋಡುವುದೂ ತಂದೆಯ ಕೆಲಸಕ್ಕೆ ಸೇರಲಿ.

ಆದರೂ ಅತ್ಯಂತ ಪರಿಣಾಮಕಾರಿಯಾದ ತಪಾಸಣೆ ಅಂಗಡಿಯ ಹೊರಗೆ, ಗಿರಾಕಿಯ ಮನೆಯಲ್ಲಿದೆ. ಎರಡು ಮೂರು ತಿಂಗಳಿಗೊಮ್ಮೆ ಯಜಮಾನರೇ ಹತ್ತಿಪ್ಪತ್ತು ಖಾತೆಗಳನ್ನು ಆರಿಸಿಕೊಂಡು, ‘ನಮ್ಮಲ್ಲಿ ನಿಮ್ಮ ಬಾಕಿ ಇಷ್ಟಿದೆ, ಕೊನೆಯ ಜಮಾ ಈ ತಾರೀಕಿನದು, ನಿಮ್ಮ ಪುಸ್ತಕದಲ್ಲಿ ಎಷ್ಟಿದೆ’ ಎಂದು ಕೇಳಬೇಕು. ಇದನ್ನು ಖಾತೆ ಬರೆಯುವವನ ಕೈಯಿಂದ ಕೇಳಿಸಿದರೆ ತಪಾಸಣೆ ಮಾಡದಿದ್ದಂತೆಯೇ. ಬನವಾಸಿಯವರು ತಮ್ಮ ಪುಸ್ತಕದಲ್ಲಿ 15,000 ತೋರಿಸಿ, ಅಂಗಡಿಯ ಖಾತೆ 3,000 ತೋರಿಸಿದ ಕ್ಷಣವೇ ಸರಪಳಿ ಕಳಚಿಕೊಳ್ಳುತ್ತದೆ.

ಬೇರೆ ಗುರುತುಗಳೂ ಇವೆ. ಒಬ್ಬರ ಚೆಕ್ಕಿನ ಹಣ ಇಬ್ಬರ ಹೆಸರಿಗೆ ಜಮಾ ಆಗಿರುವುದು ಒಂದು. ರಸೀದಿಯ ತಾರೀಕಿಗೂ ಜಮಾದ ತಾರೀಕಿಗೂ ಮತ್ತೆ ಮತ್ತೆ ಅಂತರ ಬೀಳುವುದು ಇನ್ನೊಂದು. ದಿನದಿನವೂ ಒಂದು ಖಾತೆಯಿಂದ ಇನ್ನೊಂದನ್ನು ಮುಚ್ಚುತ್ತಿರಬೇಕಾದವನು ಪುಸ್ತಕವನ್ನು ಇನ್ನೊಬ್ಬರ ಕೈಗೆ ಬಿಡಲಾರ. ಮಾರಿಕಾಂಬೆಯ ಜಾತ್ರೆಗೂ ರಜೆ ಬೇಡವೆನ್ನುವ ಗುಮಾಸ್ತ ನಿಜವಾಗಿಯೂ ನಿಷ್ಠಾವಂತನಿರಬಹುದು. ಹಾಗಿದ್ದರೂ ವರ್ಷಕ್ಕೊಮ್ಮೆ ಒಂದು ವಾರ ಅವನನ್ನು ಮನೆಗೆ ಕಳಿಸಿ, ಆ ವಾರ ಖಾತೆಯನ್ನು ಮತ್ತೊಬ್ಬರಿಂದ ಬರೆಸಬೇಕು. ಗುಮಾಸ್ತನ ಬದಲು ಅಣ್ಣನ ಮಗನೇ ಖಾತೆ ಬರೆಯುತ್ತಿದ್ದರೂ ನಿಯಮ ಇದೇ. ‘ಮನೆಯವನ ಮೇಲೆ ಅನುಮಾನವೇ’ ಎಂಬ ಮಾತು ಬರುವುದುಂಟು; ಎಲ್ಲರಿಗೂ ಒಂದೇ ನಿಯಮ ಮೊದಲ ದಿನದಿಂದಲೇ ಇದ್ದರೆ ಆ ಮಾತಿಗೆ ಅಷ್ಟು ಎಡೆಯಿರುವುದಿಲ್ಲ.

ಈ ವ್ಯವಸ್ಥೆಗೆ ಮಿತಿಗಳಿವೆ. ಹಣ ಪಡೆಯುವವರೂ ಖಾತೆ ಬರೆಯುವವರೂ ಕೂಡಿಕೊಂಡರೆ ಕೆಲಸ ಬೇರ್ಪಡಿಸಿದ್ದು ವ್ಯರ್ಥವಾಗುತ್ತದೆ. ಆಗ ಉಳಿಯುವುದು ಗಿರಾಕಿಯನ್ನು ನೇರವಾಗಿ ಕೇಳುವ ದಾರಿಯೊಂದೇ. ಎರಡನೆಯ ಮಿತಿ ಯಜಮಾನರದೇ. ಮಗಳ ಶಾಲೆಯ ಶುಲ್ಕಕ್ಕೆಂದೋ ಸಂತೆಗೆಂದೋ ಮನೆಯವರು ಚೀಟಿ ಬರೆಯದೆ ಗಲ್ಲೆಗೆ ಕೈಹಾಕುತ್ತಿದ್ದರೆ, ಸಂಜೆ 2,000 ರೂಪಾಯಿ ಕಡಿಮೆ ಬಿದ್ದಾಗ ಅದು ಯಾರ ಲೆಕ್ಕಕ್ಕೆ ಹೋಯಿತೆಂದು ಯಾರೂ ಹೇಳಲಾರರು, ಮತ್ತು ಕದಿಯುವವನಿಗೆ ಅಷ್ಟೇ ಮರೆ ಸಾಕು.

ನಮಸ್ಕಾರ.