ಎಳನೀರಿಗೆ ಮೂರು ಬೆರಳ ಚಿಟಿಕೆ ಉಪ್ಪು

ಕೇಳುಗರಿಗೆ ನಮಸ್ಕಾರ.

ಮೈ ಬೆವರಿಳಿಸಿ ಆಡಿದ ಮೇಲೆ ಎಳನೀರು ಕುಡಿಯಬೇಕೋ, ಅಂಗಡಿಯ ಬಣ್ಣದ ಸ್ಪೋರ್ಟ್ಸ್ ಡ್ರಿಂಕ್ ಕುಡಿಯಬೇಕೋ? ಇದರ ಬಗ್ಗೆ ಮಾತಾಡಿ ಎಂದು ನಿಲಯದವರು ಕರೆದಿದ್ದಾರೆ. ಉತ್ತರ ಕೊನೆಗೆ ಇಟ್ಟುಕೊಳ್ಳುವುದು ನನಗೆ ಆಗದ ಕೆಲಸ, ಈಗಲೇ ಹೇಳಿಬಿಡುತ್ತೇನೆ. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಉಪ್ಪು ಸಾಲದು. ಬೆವರಲ್ಲಿ ಹೋಗುವುದು ಉಪ್ಪು.

ನನ್ನ ಮಾತು ನಂಬಬೇಡಿ, ನಿಮ್ಮ ನಾಲಿಗೆಯನ್ನೇ ಕೇಳಿ. ಬೆವರು ತುಟಿಗೆ ಇಳಿದಾಗ ಏನು ರುಚಿ? ಉಪ್ಪು. ಎಳನೀರು? ಸಿಹಿ. ಬಿಸಿಲಲ್ಲಿ ಆಡಿ ಬಂದವರ ಕಪ್ಪು ಬನಿಯನ್ ಒಣಗಿದ ಮೇಲೆ ಬೆನ್ನ ಮೇಲೆ ಬಿಳಿ ಗೆರೆ ಮೂಡಿರುತ್ತದಲ್ಲ, ಅದು ಉಪ್ಪೇ.

ಈಗ ಸ್ವಲ್ಪ ಲೆಕ್ಕ. ಸ್ವಲ್ಪವೇ, ಹೆದರಬೇಡಿ. ಉಪ್ಪಿನಲ್ಲಿ ನಮಗೆ ಬೇಕಾದ ಅಂಶ ಸೋಡಿಯಂ. ಒಂದು ಲೀಟರ್ ಬೆವರಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಹೋಗುತ್ತದೆ. ಕೆಲವರಿಗೆ ಇದರ ಅರ್ಧ, ಕೆಲವರಿಗೆ ಇದಕ್ಕಿಂತ ತುಂಬಾ ಜಾಸ್ತಿ. ಜೊತೆಗೆ ಹೋಗುವ ಪೊಟ್ಯಾಸಿಯಂ ಮಾತ್ರ 200 ಮಿಲಿಗ್ರಾಂ ಆಸುಪಾಸು, ಅಷ್ಟೇ. ಎಳನೀರಿನಲ್ಲಿ ಇದು ಪೂರ್ತಿ ತಿರುವುಮುರುವು. 300 ಮಿಲಿಲೀಟರ್ ನೀರಿರುವ ಒಂದು ಕಾಯಿಯಲ್ಲಿ ಪೊಟ್ಯಾಸಿಯಂ 600 ಮಿಲಿಗ್ರಾಂ ಹತ್ತಿರ ಇರುತ್ತದೆ, ಸೋಡಿಯಂ 100ರ ಆಸುಪಾಸು. ಮಣ್ಣು, ತಳಿ, ಕಾಯಿ ಎಷ್ಟು ಬಲಿತಿದೆ ಎಂಬುದರ ಮೇಲೆ ಅಂಕಿ ಆಚೀಚೆ ಆಗುತ್ತದೆ. ಆದರೆ ಎಲ್ಲಿಯ ಎಳನೀರಾದರೂ ಪೊಟ್ಯಾಸಿಯಂ ಮುಂದೆ, ಸೋಡಿಯಂ ಹಿಂದೆ. "ಎಳನೀರು ಅಂದ್ರೆ ಎಲೆಕ್ಟ್ರೋಲೈಟ್" ಎಂದು ಎಲ್ಲರೂ ಹೇಳುತ್ತಾರೆ. ಸರಿ, ಸೋಡಿಯಂ, ಪೊಟ್ಯಾಸಿಯಂ, ಇಂಥ ಲವಣಗಳಿಗೇ ಎಲೆಕ್ಟ್ರೋಲೈಟ್ ಅನ್ನುವುದು. ಆದರೆ ಯಾವ ಎಲೆಕ್ಟ್ರೋಲೈಟ್ ಅಂತ ಯಾರೂ ಕೇಳುವುದಿಲ್ಲ. ಅಕ್ಕಿ ಸಾಲ ತಂದು ರಾಗಿ ತೀರಿಸಿದ ಹಾಗಿದೆ ಇದು. ರಾಗಿ ಒಳ್ಳೆಯದೇ ಸ್ವಾಮಿ, ಆದರೆ ಅಕ್ಕಿ ಸಾಲ ಹಾಗೇ ಉಳಿಯಿತು.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಮಂಡ್ಯ ಕಡೆಯ ಒಂದು ಊರಲ್ಲಿ ಮೂರು ದಿನದ ಕಬಡ್ಡಿ ಪಂದ್ಯಾವಳಿ ಇತ್ತು. ಏಪ್ರಿಲ್ ಬಿಸಿಲು. ಅಲ್ಲಿನ ದೈಹಿಕ ಶಿಕ್ಷಣದ ಮೇಷ್ಟ್ರು ನನಗೆ ಪರಿಚಯದವರು, ಒಂದು ತೂಕದ ಯಂತ್ರ ಹಿಡಿದುಕೊಂಡು ಹೋಗಿದ್ದೆ. ಬೆವರನ್ನು ಅಳೆಯೋದಕ್ಕೆ ಬೇರೇನೂ ಬೇಡ, ತೂಕದ ಯಂತ್ರ ಸಾಕು. ಒಂದು ಕಿಲೋ ಇಳಿದರೆ ಒಂದು ಲೀಟರ್ ನೀರು ಹೋಯಿತು ಎಂದರ್ಥ.

ತಂಡದಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ರೈಡರ್ ಇದ್ದ. ಮೊದಲ ದಿನ ಬೆಳಿಗ್ಗೆ ಅವನ ತೂಕ 62.4 ಕಿಲೋ. ಎರಡು ಪಂದ್ಯ, ಮಧ್ಯೆ ಅಭ್ಯಾಸ, ಎಲ್ಲ ಸೇರಿ ಸುಮಾರು ಎರಡು ಗಂಟೆ ಆಡಿದ. ಬಟ್ಟೆ ಬಿಚ್ಚಿ, ಮೈ ಒರೆಸಿಕೊಂಡು ಬಂದು ನಿಂತಾಗ 60.8. ನಡುವೆ ಅರ್ಧ ಲೀಟರ್ ನೀರು ಕುಡಿದಿದ್ದ. ಅಂದರೆ ಇಳಿದದ್ದು 1.6, ಕುಡಿದದ್ದು 0.5, ಒಟ್ಟು 2.1 ಲೀಟರ್ ಬೆವರು. ಅದರ ಜೊತೆ ಹೋದ ಸೋಡಿಯಂ ಸುಮಾರು 1900 ಮಿಲಿಗ್ರಾಂ. ಅಡುಗೆಮನೆಯ ಲೆಕ್ಕದಲ್ಲಿ ಹೇಳಿದರೆ ಹೆಚ್ಚುಕಡಿಮೆ ಒಂದು ಟೀ ಚಮಚ ಉಪ್ಪು.

ಮೇಷ್ಟ್ರು ಉತ್ಸಾಹಿ. ಮದ್ದೂರು ಕಡೆಯಿಂದ ಒಂದು ಆಟೋ ತುಂಬಾ ಎಳನೀರು ತರಿಸಿದ್ದರು. ಆ ಹುಡುಗ ಒಂದೇ ಸಮನೆ ನಾಲ್ಕು ಕುಡಿದ. ಮೇಲೆ ಎರಡು ಬಾಳೆಹಣ್ಣು. ಬಾಳೆಹಣ್ಣೂ ಪೊಟ್ಯಾಸಿಯಂ, ನೋಡಿ! ಹೊಟ್ಟೆ ತುಂಬಿ ಹೋಯಿತು ಅಂತ ಊಟ ಬಿಟ್ಟ. ಮಧ್ಯಾಹ್ನ ಎಲ್ಲ ಮೂತ್ರಕ್ಕೆ ಓಡಾಡಿದ.

"ನೋಡಿ ಸಾರ್, ನೀರಿನ ಹಾಗೆ ತಿಳಿಯಾಗಿ ಹೋಗ್ತಿದೆಯಂತೆ. ಚೆನ್ನಾಗಿ ನೀರು ಹಿಡಿದಿದೆ ಮೈಗೆ" ಅಂದರು ಮೇಷ್ಟ್ರು.

"ಮೇಷ್ಟ್ರೇ, ಅದು ಮೈಗೆ ಹಿಡಿದ ನೀರಲ್ಲ, ಮೈ ಬಿಟ್ಟ ನೀರು" ಅಂದೆ. ಅವರು ಒಪ್ಪಲಿಲ್ಲ. ಇಪ್ಪತ್ತು ವರ್ಷದಿಂದ ಹುಡುಗರಿಗೆ ಎಳನೀರೇ ಕುಡಿಸುತ್ತಿದ್ದೇನೆ ಎಂದರು. ನಾನು ವಾದ ಮಾಡಲಿಲ್ಲ, ತೂಕದ ಯಂತ್ರ ಇತ್ತಲ್ಲ.

ಸಂಜೆ ಹುಡುಗನಿಗೆ ತಲೆನೋವು. ಕೂತವನು ಎದ್ದರೆ ಕಣ್ಣು ಕತ್ತಲೆ. ರಾತ್ರಿ ಚೂರು ಮೊಸರನ್ನ ತಿಂದು ಮಲಗಿದ. ಮರುದಿನ ಬೆಳಿಗ್ಗೆ ತೂಕ 61.2. ನಾಲ್ಕು ಎಳನೀರು, ಅಂದರೆ ಒಂದು ಲೀಟರ್ ಮೇಲೆ ಒಳಗೆ ಹೋಗಿತ್ತು. ಉಳಿದದ್ದು ಎಲ್ಲಿ?

ಯಾಕೆ ಹೀಗಾಯಿತು ಗೊತ್ತಾ? ಉಪ್ಪು ಕಳೆದುಕೊಂಡ ಮೈಗೆ ಉಪ್ಪಿಲ್ಲದ ನೀರು ಒಮ್ಮೆಲೇ ಬಿದ್ದರೆ ರಕ್ತ ತೆಳುವಾಗುತ್ತದೆ. ಮೂತ್ರಪಿಂಡಕ್ಕೆ ರಕ್ತ ತೆಳುವಾದರೆ ಆಗುವುದಿಲ್ಲ. ನೀರು ಜಾಸ್ತಿ ಆಯ್ತು ಎಂದುಕೊಂಡು ಹೊರಗೆ ಹಾಕುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದರೂ ಹಾಕುತ್ತದೆ! ಬಾಯಾರಿಕೆಯೂ ಬೇಗ ಹೋಗಿಬಿಡುತ್ತದೆ, ಇನ್ನು ಬೇಕು ಅನ್ನಿಸುವುದಿಲ್ಲ. ಅದಕ್ಕೇ ಕುಡಿದ ಕೂಡಲೇ ಹೋಗುವ ತಿಳಿ ಮೂತ್ರವನ್ನು ನಂಬಬೇಡಿ. ಮರುದಿನ ಎದ್ದು, ಮೂತ್ರಕ್ಕೆ ಹೋಗಿ ಬಂದು ನೋಡಿದ ತೂಕವನ್ನು ನಂಬಿ. ಹಿಂದಿನ ಬೆಳಿಗ್ಗೆಯ ತೂಕಕ್ಕೆ ಹತ್ತಿರ ಇದ್ದರೆ ಸರಿ. ಒಂದು ಕಿಲೋ ಕಮ್ಮಿ ಇದ್ದರೆ ನಿನ್ನೆಯ ನೀರು ನಿಂತಿಲ್ಲ.

ಎರಡನೇ ದಿನ ಮೇಷ್ಟ್ರು, "ಸರಿ ಸಾರ್, ಇವತ್ತು ನೀವು ಹೇಳಿದ ಹಾಗೆ" ಅಂದರು. ಧ್ವನಿಯಲ್ಲಿ ನಂಬಿಕೆ ಇರಲಿಲ್ಲ, ಇರಲಿ. ಆಟ ಮುಗಿದ ಮೇಲೆ ಎಷ್ಟು ಇಳಿದಿದೆಯೋ ಅದರ ಒಂದೂವರೆ ಪಟ್ಟು ಕುಡಿಯಬೇಕು, ಯಾಕೆಂದರೆ ಸ್ವಲ್ಪ ಮೂತ್ರದಲ್ಲಿ ಹೋಗಿಯೇ ಹೋಗುತ್ತದೆ. ಅವತ್ತೂ ಇಳಿದದ್ದು ಒಂದೂವರೆ ಕಿಲೋ ಹತ್ತಿರ. ಹಾಗಾಗಿ ಎರಡು ಲೀಟರ್ ಮೇಲೆ ಸ್ವಲ್ಪ, ಒಂದೇ ಉಸಿರಿಗೆ ಅಲ್ಲ, ಮೂರು ನಾಲ್ಕು ಗಂಟೆಯಲ್ಲಿ. ಮೊದಲು ಎರಡು ಎಳನೀರು. ಲೋಟಕ್ಕೆ ಬಗ್ಗಿಸಿ, ಒಂದೊಂದಕ್ಕೂ ಮೂರು ಬೆರಳಲ್ಲಿ ಎತ್ತಿದ ಒಂದು ಚಿಟಿಕೆ ಉಪ್ಪು. ಅದು ಸುಮಾರು ಅರ್ಧ ಗ್ರಾಂ, 200 ಮಿಲಿಗ್ರಾಂ ಸೋಡಿಯಂ. ಅಷ್ಟಕ್ಕೇ ಎಳನೀರಿನ ಉಪ್ಪು ಬೆವರಿನ ಉಪ್ಪಿಗೆ ಸಮ ಆಗುತ್ತದೆ. ಆಮೇಲೆ ಊಟ. ಅನ್ನ, ಸಾರು, ಉಪ್ಪಿನಕಾಯಿ, ಕಡೆಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಎರಡು ಲೋಟ. ಉಳಿದದ್ದು ಬರೀ ನೀರು. ಉಪ್ಪಿನ ದೊಡ್ಡ ಪಾಲು ಬಂದದ್ದು ಎಳನೀರಿನಿಂದಲ್ಲ, ಊಟದಿಂದ. ಇದನ್ನು ನೆನಪಿಡಿ. ಆಟ ಆದ ಮೇಲೆ ಊಟ ಬಿಡಬಾರದು ಎನ್ನುವುದು ಇದಕ್ಕೇ. ಮೂರನೇ ಬೆಳಿಗ್ಗೆ ತೂಕ 62.3. ಮೇಷ್ಟ್ರು ಯಂತ್ರವನ್ನು ಎರಡು ಸಲ ಒರೆಸಿ ನೋಡಿದರು.

ಬರೀ ಎಳನೀರಿನಿಂದಲೇ ಆ ಉಪ್ಪು ತುಂಬಿಸಬೇಕು ಅಂದರೆ ಅವನು ಎಷ್ಟು ಕುಡಿಯಬೇಕಿತ್ತು ಗೊತ್ತಾ? ಹತ್ತೊಂಬತ್ತು ಕಾಯಿ. ಪೊಟ್ಯಾಸಿಯಂ ಸಾಲವೋ, ಮೊದಲನೇ ಕಾಯಿಯಲ್ಲೇ ತೀರಿತ್ತು. ಇದು ನನ್ನೊಬ್ಬನ ಮಾತೂ ಅಲ್ಲ. ಮಲೇಷ್ಯಾದಲ್ಲೂ ಎಳನೀರು ನಮ್ಮಷ್ಟೇ ಕುಡಿಯುತ್ತಾರೆ. ಅಲ್ಲಿಯವರು ಬೆವರಿಳಿಸಿದ ಹುಡುಗರಿಗೆ ನೀರು, ಎಳನೀರು, ಸ್ಪೋರ್ಟ್ಸ್ ಡ್ರಿಂಕ್, ಉಪ್ಪು ಸೇರಿಸಿದ ಎಳನೀರು, ನಾಲ್ಕನ್ನೂ ಕುಡಿಸಿ ಅಳೆದು 2007ರಲ್ಲಿ ಪ್ರಕಟಿಸಿದರು. ಸ್ಪೋರ್ಟ್ಸ್ ಡ್ರಿಂಕ್‌ಗೆ ಸಮನಾಗಿ ಮೈಯಲ್ಲಿ ನಿಂತದ್ದು ಉಪ್ಪು ಸೇರಿಸಿದ ಎಳನೀರು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಓಡಿದೆ. ಸಕ್ಕರೆಯ ಬಗ್ಗೆ ಬೇಗ ಹೇಳುತ್ತೇನೆ.

ಸ್ಪೋರ್ಟ್ಸ್ ಡ್ರಿಂಕ್ ಹುಟ್ಟಿದ್ದೇ ಇಂಥ ಹುಡುಗರಿಗಾಗಿ. 1965ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಎಂಬ ವೈದ್ಯರ ತಂಡ ಫುಟ್‌ಬಾಲ್ ಆಟಗಾರರಿಗೆ ಗೇಟರೇಡ್ ಮಾಡಿಕೊಟ್ಟಿತು. ಅದರಲ್ಲಿ ಸಕ್ಕರೆ ಸುಮ್ನೆ ಹಾಕಿದ್ದಲ್ಲ. ಸಣ್ಣ ಕರುಳಲ್ಲಿ ಗ್ಲೂಕೋಸು ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಹಿಂದೆಯೇ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದೂ ಹೀಗೇ. ಒಂದು ಗಂಟೆಗಿಂತ ಜಾಸ್ತಿ ಜೋರಾಗಿ ಆಡುವವರಿಗೆ ಆ ಸಕ್ಕರೆ ಶಕ್ತಿಯೂ ಹೌದು.

ಆದರೆ ಪಾರ್ಕಿನಲ್ಲಿ ನಲವತ್ತು ನಿಮಿಷ ನಡೆದವರಿಗೆ? ಅರ್ಧ ಲೀಟರ್ ಬಾಟಲಿಯಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಟೀ ಚಮಚ. ನಡೆದು ಕರಗಿಸಿದ್ದರ ಬಹುಪಾಲು ಬೆಂಚಿನ ಮೇಲೆ ಕೂತಲ್ಲೇ ವಾಪಸ್ ಬಂತು. ಎಳನೀರಿನಲ್ಲೂ ಸಕ್ಕರೆ ಇಲ್ಲ ಎಂದುಕೊಳ್ಳಬೇಡಿ, ಒಂದು ಕಾಯಿಯಲ್ಲಿ ಎರಡು ಎರಡೂವರೆ ಚಮಚ ಇರುತ್ತದೆ. ನಡೆಯುವವರಿಗೆ ನೀರೇ ಸಾಕು, ಮನೆಗೆ ಹೋಗಿ ತಿಂಡಿ ತಿಂದರೆ ಉಪ್ಪೂ ಬಂತು. ಎಳನೀರು ಆಸೆಗೆ ಕುಡಿಯಿರಿ, ಯಾರು ಬೇಡ ಅಂತಾರೆ? ನೀವು ಎಳನೀರಿಗೆ ಉಪ್ಪು ಹಾಕಿಕೊಳ್ಳಬೇಡಿ, ಬಿಪಿ ಇದ್ದವರಂತೂ ಹಾಕಲೇಬೇಡಿ. ನಾನು ಹೇಳುತ್ತಿರುವ ಉಪ್ಪು ಲೀಟರ್‌ಗಟ್ಟಲೆ ಬೆವರು ಹರಿಸುವವರಿಗೆ. ಕಬಡ್ಡಿ ಹುಡುಗರಿಗೆ, ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವರಿಗೆ, ತಾರಸಿ ಮೇಲೆ ಗಾರೆ ಕೆಲಸದವರಿಗೆ. ಬೆವರಲ್ಲಿ ಹೋಗುವುದು ಉಪ್ಪು, ಬೆವರೇ ಬರದಿದ್ದರೆ ಉಪ್ಪು ಯಾಕೆ?

ಇನ್ನೊಂದೇ ಮಾತು, ಇದನ್ನು ಹೇಳದೆ ಏಳುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರ್ ಹೇಳದೆ ಎಳನೀರು ಕುಡಿಯಬಾರದು. ಬೇಡದ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಆರೋಗ್ಯವಂತರೂ ಅತಿ ಮಾಡಬಾರದು. ಅಮೆರಿಕದಲ್ಲಿ ದಿನವಿಡೀ ಬಿಸಿಲಲ್ಲಿ ಟೆನಿಸ್ ಆಡಿದ ಒಬ್ಬಾತ ಎಂಟು ಬಾಟಲಿ ಎಳನೀರು ಕುಡಿದು ಕುಸಿದುಬಿದ್ದದ್ದನ್ನು ಅಲ್ಲಿನ ವೈದ್ಯರು 2014ರಲ್ಲಿ ಬರೆದಿದ್ದಾರೆ. ಬಿಪಿಗೋ ಹೃದಯಕ್ಕೋ ಸ್ಪೈರನೊಲ್ಯಾಕ್ಟೋನ್, ಎನಲಾಪ್ರಿಲ್, ಟೆಲ್ಮಿಸಾರ್ಟನ್, ಇಂಥ ಮಾತ್ರೆ ನುಂಗುತ್ತಿದ್ದರೆ ಅವೂ ಪೊಟ್ಯಾಸಿಯಂ ಹಿಡಿದಿಡುತ್ತವೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಚೀಟಿ ತೆಗೆದುಕೊಂಡು ಹೋಗಿ, ದಿನಾ ಎಳನೀರು ಕುಡಿಯಬಹುದಾ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನಮಸ್ಕಾರ.